ಹಲ್ಲು ಬರುವ ಕಿರಿಕಿರಿಯೋ, ಸೋಂಕೋ: ಮನೆಯಲ್ಲೇ ಗುರುತಿಸುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದುಕೊಂಡಿತೆಂದರೆ ಎಳೆಯ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಹಲ್ಲು ಬರ್ತಾ ಇದೆ, ಅದಕ್ಕೇ ಮೈ ಬಿಸಿ." ಹಿರಿಯರು ಹೀಗೆ ಭಾವಿಸಲು ಕಾರಣವಿದೆ. ಮೊದಲ ಹಲ್ಲು ಸಾಮಾನ್ಯವಾಗಿ ಆರನೇ ತಿಂಗಳ ಆಸುಪಾಸಿನಲ್ಲಿ ಮೂಡುತ್ತದೆ. ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದ ರೋಗನಿರೋಧಕ ಶಕ್ತಿ ಕುಂದುವುದೂ, ಕೈಗೆ ಸಿಕ್ಕಿದ್ದನ್ನೆಲ್ಲ ಮಗು ಬಾಯಿಗಿಡಲು ತೊಡಗುವುದೂ ಅದೇ ಹೊತ್ತಿಗೆ. ಹಲ್ಲೂ ಸೋಂಕೂ ಜೊತೆಯಾಗಿ ಬರುವುದು ಹೀಗೆ. ಆದರೆ ಹಲ್ಲು ಸೋಂಕಿನ ಜ್ವರವನ್ನು ತರುವುದಿಲ್ಲ.

ಹಲ್ಲು ಮೂಡುವಾಗ ಜೊಲ್ಲು ಹೆಚ್ಚುತ್ತದೆ, ವಸಡು ಊದಿ ಕೆಂಪಗಾಗುತ್ತದೆ, ಮಗು ಸಿಕ್ಕಿದ್ದನ್ನು ಕಚ್ಚುತ್ತದೆ, ರಾತ್ರಿ ರಚ್ಚೆ ಹಿಡಿಯುತ್ತದೆ. ಇದೆಲ್ಲ ಹಲ್ಲು ಕಾಣಿಸಿಕೊಳ್ಳುವ ಹಿಂದಿನ ಮೂರು ನಾಲ್ಕು ದಿನ ಮತ್ತು ನಂತರದ ಒಂದೆರಡು ದಿನಗಳ ಮಾತು. ಮೈ ತುಸು ಬೆಚ್ಚಗಾಗಬಹುದು. ಮೂಗು ಸೋರುವುದು, ಬಿಡದ ಕೆಮ್ಮು, ನೀರಿನಂಥ ಭೇದಿ ಇವುಗಳನ್ನು ಹಲ್ಲಿನ ಲೆಕ್ಕಕ್ಕೆ ಹಾಕಬಾರದು.

ಮೊದಲ ಹೆಜ್ಜೆ ಜ್ವರ ಅಳೆಯುವುದು. ಅಂಗೈ ಇಟ್ಟು ನೋಡಿದರೆ ಸಾಲದು. ಉಣ್ಣೆ ಟೋಪಿ, ಕಂಬಳಿ ಸುತ್ತಿಕೊಂಡು ಒಲೆಯ ಬಳಿ ಮಲಗಿದ್ದ ಮಗುವಿನ ಮೈ ಹೇಗೂ ಬಿಸಿಯಿರುತ್ತದೆ. ಹೊದಿಕೆ ಸಡಿಲಿಸಿ, ಕಾಲು ಗಂಟೆ ಬಿಟ್ಟು ಕಂಕುಳಲ್ಲಿ ಥರ್ಮಾಮೀಟರ್ ಇಡಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಹಲ್ಲಿನಿಂದ ಬಂದದ್ದಲ್ಲವೆಂದೇ ತಿಳಿಯಬೇಕು. ಮೂರು ತಿಂಗಳು ತುಂಬದ ಕೂಸಿಗೆ ಅಷ್ಟು ಜ್ವರ ಬಂದರೆ ಬೇರೇನನ್ನೂ ನೋಡುತ್ತ ಕೂರದೆ ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನು ಸಿಂಬಳ. ನೆಗಡಿಯಲ್ಲಿ ಅದು ಮೊದಲು ನೀರಿನಂತಿದ್ದು, ಎರಡು ಮೂರು ದಿನಗಳಲ್ಲಿ ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕೆಂದಲ್ಲ, ಏಕೆಂದರೆ ವೈರಸ್ಸಿನ ಸಾಮಾನ್ಯ ನೆಗಡಿಯೂ ಹೀಗೆಯೇ ಸಾಗಿ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ನಿಜವಾಗಿ ಗಮನವಿಡಬೇಕಾದದ್ದು ಉಸಿರಿನ ಮೇಲೆ. ಮಗು ನಿದ್ರಿಸುವಾಗ ಅಥವಾ ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಹೊಟ್ಟೆ ಏರುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಳೆಯ ಮಕ್ಕಳ ಉಸಿರು ಒಂದೇ ಸಮನಾಗಿ ಇರುವುದಿಲ್ಲವಾದ್ದರಿಂದ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಉಸಿರು ವೇಗದ ಉಸಿರಾಟವೆನಿಸುತ್ತದೆ. ಅದು ನ್ಯುಮೋನಿಯಾದ ಸೂಚನೆಯಾಗಿರಬಹುದು.

ಎಂಟು ತಿಂಗಳ ಮಗುವೊಂದರ ಉದಾಹರಣೆ ತೆಗೆದುಕೊಳ್ಳೋಣ. ಎರಡು ದಿನದಿಂದ ಜೊಲ್ಲು ಸುರಿಯುತ್ತಿದೆ, ಮೇಲಿನ ವಸಡು ಊದಿದೆ. ಮೂರನೆಯ ದಿನ ಮೂಗು ಸೋರಿ, ಕೆಮ್ಮು ಬಂದು, ಜ್ವರ 101.4 ತೋರಿಸಿದೆ. "ಹಲ್ಲು ಹೊರಗೆ ಬಂದರೆ ಸರಿಹೋಗುತ್ತದೆ" ಎನ್ನುತ್ತಾರೆ ಅಜ್ಜಿ. ವಸಡಿನ ವಿಷಯದಲ್ಲಿ ಅವರ ಮಾತು ಸರಿಯೇ, ಜ್ವರದ ವಿಷಯದಲ್ಲಿ ಅಲ್ಲ. ತಾಯಿ ಸಲೈನ್ ಹನಿ ಹಾಕಿ ಮೂಗು ಒರೆಸಿ, ಮಗು ಮಲಗಿದ ಮೇಲೆ ಉಸಿರು ಎಣಿಸಿದರೆ 44. ಮಗು ಹಾಲು ಕುಡಿಯುತ್ತಿದೆ, ಎಂದಿನಂತೆ ಮೂತ್ರ ಮಾಡುತ್ತಿದೆ. ಇದು ಸದ್ಯಕ್ಕೆ ನೆಗಡಿ. ಮೇಲಿಂದ ಮೇಲೆ ಎದೆಹಾಲು ಕೊಡುತ್ತ, ಜ್ವರಕ್ಕೆ ವೈದ್ಯರು ತೂಕ ನೋಡಿ ಬರೆದ ಪ್ರಮಾಣದಲ್ಲಷ್ಟೇ ಪ್ಯಾರಾಸಿಟಮಾಲ್ ಕೊಡುತ್ತ ಮನೆಯಲ್ಲೇ ನೋಡಿಕೊಳ್ಳಬಹುದು. ಮೂಗಿಗೆ ಎಣ್ಣೆ ಬಿಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಬೇರೊಂದು ಬಗೆಯ ನ್ಯುಮೋನಿಯಾ ತರಬಲ್ಲದು. ವರ್ಷ ತುಂಬದ ಮಗುವಿಗೆ ಜೇನುತುಪ್ಪವೂ ಬೇಡ.

ಮರುದಿನ ಸಂಜೆ ಎಣಿಸಿದಾಗ 56. ಜ್ವರವೇ ಉಸಿರನ್ನು ಸ್ವಲ್ಪ ಏರಿಸುವುದುಂಟು ಎಂದು, ಜ್ವರ ಇಳಿದ ಮೇಲೆ ಮತ್ತೆ ಎಣಿಸಿದರೂ 56. ಉಸಿರೆಳೆದುಕೊಂಡಾಗಲೆಲ್ಲ ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದೆ, ನಾಲ್ಕು ಗುಟುಕು ಕುಡಿದು ಮಗು ಮೊಲೆ ಬಿಟ್ಟುಬಿಡುತ್ತಿದೆ. ಈಗ ಬೆಳಗಾಗುವವರೆಗೆ ಕಾಯುವಂತಿಲ್ಲ. ಎದೆ ಸೆಳೆತವೊಂದೇ ಕಂಡರೂ, ಮಗು ಕುಡಿಯಲಾರದಿದ್ದರೂ, ಕುಡಿದದ್ದೆಲ್ಲ ವಾಂತಿಯಾದರೂ, ಫಿಟ್ಸ್ ಬಂದರೂ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೂ, ತುಟಿ ನೀಲಿಗಟ್ಟಿದರೂ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ತೋಟದ ಮನೆಯಿಂದ ತಾಲ್ಲೂಕು ಕೇಂದ್ರ ದೂರವಿದ್ದು, ವಾಹನ ಸಿಗುವಂತಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಜ್ವರ ಎಷ್ಟಿತ್ತು, ಉಸಿರಿನ ಎರಡು ದಿನದ ಎಣಿಕೆ ಎಷ್ಟು, ಕೊನೆಯ ಬಾರಿ ಮೂತ್ರ ಮಾಡಿದ್ದು ಮತ್ತು ಔಷಧಿ ಕೊಟ್ಟದ್ದು ಎಷ್ಟು ಹೊತ್ತಿಗೆ ಎಂಬುದನ್ನು ಬರೆದುಕೊಂಡು ಹೋದರೆ, ವೈದ್ಯರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಕೈಯಲ್ಲೇ ಇರುತ್ತದೆ.