ಪ್ರಶ್ನೆ ಎರಡು ಭಾಷೆಯಲ್ಲಿ, ಉತ್ತರ ಮೂರನೆಯದರಲ್ಲಿ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು ಎಂದು ಕೇಳಿದವರಲ್ಲಿ ಹೆಚ್ಚಿನವರು ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿರುತ್ತದೆ ಎಂದು ಭಾವಿಸುತ್ತಾರೆ. ಮಂಡ್ಯದಿಂದ ಮೈಸೂರಿಗೆ ಬಂದು ಸರಸ್ವತಿಪುರದಲ್ಲಿ ಕೋಣೆ ಹಿಡಿದು ಓದಲು ಕುಳಿತಾಗ ನಾನೂ ಹಾಗೆಯೇ ತಿಳಿದಿದ್ದೆ. ಸಾಮಾನ್ಯ ಅಧ್ಯಯನದ ಪ್ರಶ್ನೆಗಳು ಅಚ್ಚಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಒಂದನ್ನೋ ಇಂಗ್ಲಿಷನ್ನೋ ಉತ್ತರದ ಮಾಧ್ಯಮವಾಗಿ ಅಭ್ಯರ್ಥಿ ಮೊದಲೇ ಅರ್ಜಿಯಲ್ಲಿ ಆರಿಸಿಕೊಂಡಿರಬೇಕು. ಪ್ರವೇಶಪತ್ರದಲ್ಲಿರುವ ಮಾಧ್ಯಮವನ್ನು ಬಿಟ್ಟು ಬೇರೆ ಭಾಷೆಯಲ್ಲಿ ಬರೆದ ಉತ್ತರಕ್ಕೆ ಅಂಕವಿಲ್ಲ ಎಂಬ ಸೂಚನೆ ಪ್ರಶ್ನೆಪತ್ರಿಕೆಯಲ್ಲೇ ಇರುತ್ತದೆ.

ಹೀಗಾಗಿ ಆಯ್ಕೆಯನ್ನು ಅಭಿಮಾನದ ಮೇಲೆ ಬಿಡದೆ ಅಳೆದು ನೋಡಲು ನಿರ್ಧರಿಸಿದೆ. ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ತಲಾ ಮೂರು ಗಂಟೆಗೆ 20 ಪ್ರಶ್ನೆಗಳು: ಹತ್ತು ಅಂಕದವು ಹತ್ತು, ಹದಿನೈದು ಅಂಕದವು ಹತ್ತು. ಸರಿಸುಮಾರು ಮೊದಲನೆಯದಕ್ಕೆ ಏಳು, ಎರಡನೆಯದಕ್ಕೆ ಹನ್ನೊಂದು ನಿಮಿಷ ಸಿಗುತ್ತದೆ. ಒಂದೇ ಪ್ರಶ್ನೆಗೆ ಒಂದು ದಿನ ಇಂಗ್ಲಿಷಿನಲ್ಲಿ, ವಾರ ಬಿಟ್ಟು ಕನ್ನಡದಲ್ಲಿ ಉತ್ತರ ಬರೆದು ಗಡಿಯಾರ ನೋಡಿದೆ. ಕೈಬರಹದ ವೇಗದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಕನ್ನಡದಲ್ಲಿ ವಿಭಕ್ತಿಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳ ಲೆಕ್ಕ ಕಡಿಮೆಯೇ ಆಗುತ್ತಿತ್ತು. ಹೊತ್ತು ಹೋಗುತ್ತಿದ್ದುದು ಪೆನ್ನು ಹಾಳೆಗೆ ತಾಗುವ ಮೊದಲು, ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಳ್ಳುವಾಗ.

ಒಂದು ಅಭ್ಯಾಸಪ್ರಶ್ನೆ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ರಾಜ್ಯಪಾಲರು ಮಸೂದೆಗಳನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸುವ ಅಧಿಕಾರವನ್ನು ‘ಕ್ರಿಟಿಕಲಿ ಎಗ್ಸಾಮಿನ್’ ಮಾಡಿ ಎಂಬುದು ಪ್ರಶ್ನೆ. ಕನ್ನಡ ಪದ ತಟ್ಟನೆ ಹೊಳೆಯದೆ ಪಕ್ಕದಲ್ಲಿದ್ದ ಪ್ರಶ್ನೆಯ ಹಿಂದಿ ರೂಪಕ್ಕೆ ಕಣ್ಣು ಹಾಯಿಸಿದೆ. ಅಲ್ಲಿ ‘ಆಲೋಚನಾತ್ಮಕ ಪರೀಕ್ಷಣ’ ಎಂದಿತ್ತು. ಹಿಂದಿಯ ‘ಆಲೋಚನಾ’ ಎಂದರೆ ಟೀಕೆ, ವಿಮರ್ಶೆ. ನಮ್ಮ ‘ಆಲೋಚನೆ’ ಬರಿಯ ಯೋಚನೆ. ನಾನು ಅದನ್ನೇ ಎತ್ತಿಕೊಂಡು 200ನೆಯ ವಿಧಿ ಏನು ಹೇಳುತ್ತದೆ, ಉಚ್ಚ ನ್ಯಾಯಾಲಯದ ಸ್ಥಾನಕ್ಕೆ ಕುಂದು ತರಬಹುದಾದ ಮಸೂದೆಯನ್ನು ಏಕೆ ಕಾಯ್ದಿರಿಸಲೇಬೇಕು ಎಂದು ವಿವರಿಸಿ ಮುಗಿಸಿದ್ದೆ. ಈ ಅಧಿಕಾರ ಚುನಾಯಿತ ಶಾಸಕಾಂಗವನ್ನು ಎಲ್ಲಿ ಕಟ್ಟಿಹಾಕುತ್ತದೆ, ಎಲ್ಲಿ ಅದು ನ್ಯಾಯವಾದ ತಡೆ ಎಂದು ತೂಗಿ ನೋಡುವ ಕೆಲಸವೇ ಅದರಲ್ಲಿ ಇರಲಿಲ್ಲ. ಅದೇ ರೀತಿ ಹಿಂದಿಯಲ್ಲಿ ‘ವಿವೇಚನಾ’ ಎಂದರೆ ಚರ್ಚಿಸಿ ಎಂಬ ಸೂಚನೆ. ಕನ್ನಡದಲ್ಲಿ ರಾಜ್ಯಪಾಲರ ವಿವೇಚನೆಯೆಂದರೆ ಬೇರೆಯೇ ಸಂಗತಿ. ಅಂದಿನಿಂದ ಪ್ರಶ್ನೆಯ ಹಿಂದಿ ರೂಪವನ್ನು ಓದುವುದನ್ನೇ ಬಿಟ್ಟೆ.

ಉತ್ತರ ನೋಡಿದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬೇರೊಂದು ದೋಷ ಹಿಡಿದರು. “ಏನಪ್ಪಾ, ‘ರಾಜ್ಯಪಾಲರಿಂದ ಮಸೂದೆಯು ಕಾಯ್ದಿರಿಸಲ್ಪಡುತ್ತದೆ’ ಅಂತ ಬರೆದಿದ್ದೀಯ. ‘ರಾಜ್ಯಪಾಲರು ಕಾಯ್ದಿರಿಸುತ್ತಾರೆ’ ಅಂದರೆ ಸಾಲದೆ?” ಎಂದರು. ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಬರೆಯುವವನ ವಾಕ್ಯದಲ್ಲಿ ‘ಲ್ಪಡು’ ಮೇಲಿಂದ ಮೇಲೆ ಬಂದರೆ, ಅವನು ಯೋಚಿಸಿ ಬರೆಯುತ್ತಿಲ್ಲ, ಅನುವಾದಿಸುತ್ತಿದ್ದಾನೆ ಎಂದು ತಿಳಿಯಬಹುದು. ಪರಿಹಾರವಾಗಿ ಟಿಪ್ಪಣಿಗಳನ್ನೇ ಕನ್ನಡದಲ್ಲಿ ಮಾಡತೊಡಗಿದೆ. ‘ಚರ್ಚಿಸಿ’, ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’, ‘ಉದಾಹರಣೆಯೊಂದಿಗೆ ಸ್ಪಷ್ಟಪಡಿಸಿ’ ಮುಂತಾದ ಹತ್ತು-ಹನ್ನೆರಡು ಸೂಚನಾಪದಗಳಿಗೆ ಇಂಗ್ಲಿಷಿನಿಂದ ಒಂದೊಂದೇ ಕನ್ನಡ ರೂಪವನ್ನು ನಿಗದಿಮಾಡಿ ಗೋಡೆಗೆ ಅಂಟಿಸಿದೆ. ಎರಡು ತಿಂಗಳಲ್ಲಿ ಪ್ರಶ್ನೆ ಓದಿದೊಡನೆ ಉತ್ತರದ ಮೊದಲ ವಾಕ್ಯ ಕನ್ನಡದಲ್ಲೇ ಬರತೊಡಗಿತು.

ಪಾರಿಭಾಷಿಕ ಪದಗಳ ವಿಷಯದಲ್ಲಿ ನಿಯಮ ಸ್ವಲ್ಪ ಸಡಿಲವಿದೆ: ಕನ್ನಡ ಪದದ ಮುಂದೆ ಅದರ ಇಂಗ್ಲಿಷ್ ರೂಪವನ್ನು ಆವರಣದಲ್ಲಿ ಕೊಡಬಹುದು. ಆದರೆ ಇದನ್ನು ದುರುಪಯೋಗಪಡಿಸಿಕೊಂಡರೆ ಅಂಕ ಕಳೆಯುತ್ತಾರೆ, ತೀರಾ ಅತಿಯಾದರೆ ಉತ್ತರಪತ್ರಿಕೆಯನ್ನೇ ಮೌಲ್ಯಮಾಪನ ಮಾಡುವುದಿಲ್ಲ. ನನ್ನ ಮೊದಲ ಅಭ್ಯಾಸಪತ್ರಿಕೆಯ ಒಂದು ಪುಟದಲ್ಲಿ ಹದಿನಾಲ್ಕು ಆವರಣಗಳಿದ್ದವು. ‘ಅಭಿವೃದ್ಧಿ’ಗೂ ಇಂಗ್ಲಿಷ್ ಕೊಟ್ಟಿದ್ದೆ! ನಂತರ ಒಂದು ಉತ್ತರಕ್ಕೆ ಎರಡನ್ನು ಮೀರಬಾರದು, ಅದೂ ಓದುಗನಿಗೆ ನಿಜಕ್ಕೂ ಗೊಂದಲವಾಗಬಹುದಾದ ಪದಕ್ಕೆ ಮಾತ್ರ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ.

ಇಷ್ಟೆಲ್ಲ ಆದ ಮೇಲೆ ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನಕ್ಕೆ ಕನ್ನಡವನ್ನು ಆರಿಸಿಕೊಂಡೆ. ಭಾರತೀಯ ಭಾಷೆಯಲ್ಲಿ ಬರೆಯುವವರು ಐಚ್ಛಿಕ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯಲು ಅವಕಾಶವಿರುವುದು ನನಗೆ ಅನುಕೂಲವಾಯಿತು. ನನ್ನ ವಿಷಯ ಸಾರ್ವಜನಿಕ ಆಡಳಿತ, ಅದರ ಸಿದ್ಧಾಂತಗಳನ್ನು ನಾನು ಓದಿದ್ದು ಇಂಗ್ಲಿಷಿನಲ್ಲೇ. ಆದರೆ ಅಷ್ಟು ದಿನ ಕನ್ನಡಕ್ಕೆ ಒಗ್ಗಿದ ಕೈ ಸುಲಭವಾಗಿ ತಿರುಗಲಿಲ್ಲ. ಐಚ್ಛಿಕ ಪತ್ರಿಕೆಯ ದಿನ ಮುಖಪುಟದಲ್ಲಿ ಮಾಧ್ಯಮ ಇಂಗ್ಲಿಷ್ ಎಂದು ನಮೂದಿಸಿ, ಮೊದಲ ಉತ್ತರವನ್ನು ‘ಆಡಳಿತವು’ ಎಂದು ಆರಂಭಿಸಿ, ಆ ಒಂದು ಪದವನ್ನು ಹೊಡೆದುಹಾಕಿ ಮುಂದುವರಿಸಿದೆ.