ಅನುವಾದಕರ ಪರಿಚಯ ಬರಹ: ದಿನದ ಲೆಕ್ಕ ಹೇಳುವುದು ಹೇಗೆ?

ಸ್ವತಂತ್ರ ಅನುವಾದಕರ ಪರಿಚಯ ಬರಹದಲ್ಲಿ ಗ್ರಾಹಕರು ಮೊದಲು ಹುಡುಕುವುದು ಎರಡನ್ನು: ಯಾವ ಭಾಷೆಯಿಂದ ಯಾವ ಭಾಷೆಗೆ, ಎಷ್ಟು ದಿನದಲ್ಲಿ. ‘ಕನ್ನಡ, ಇಂಗ್ಲಿಷ್, ಹಿಂದಿ ಬಲ್ಲೆ’ ಎಂದಷ್ಟೇ ಬರೆದರೆ ಮೊದಲನೆಯದಕ್ಕೇ ಉತ್ತರವಿಲ್ಲ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಚೆನ್ನಾಗಿ ತರುವವರಿಗೆ ಕನ್ನಡದಿಂದ ಇಂಗ್ಲಿಷ್‌ಗೆ ಅಷ್ಟೇ ಸಲೀಸಾಗಿ ಬರೆಯಲು ಬರಬೇಕೆಂದೇನಿಲ್ಲ. ಹಾಗಾಗಿ ಒಂದೊಂದು ದಿಕ್ಕನ್ನೂ ಬೇರೆ ಸಾಲಿನಲ್ಲಿ ಬರೆದು, ಅದರ ಮುಂದೆಯೇ ಕೆಲಸದ ಬಗೆಯನ್ನು ಸೇರಿಸಿ: ಬಳಕೆದಾರರ ಕೈಪಿಡಿ, ಆಸ್ತಿ ಪತ್ರ, ವಿಡಿಯೊ ಸಬ್‌ಟೈಟಲ್, ಹೀಗೆ.

ಇನ್ನು ದಿನದ ಲೆಕ್ಕ. ಇದನ್ನೂ ದರವನ್ನೂ ಮೂಲದ ಪದಗಳ ಮೇಲೆ ಹಾಕುವುದೇ ಸರಿ. ಇಂಗ್ಲಿಷ್‌ನಲ್ಲಿ ‘ಇನ್ ದ ಹೌಸ್’ ಮೂರು ಪದ, ಕನ್ನಡದಲ್ಲಿ ‘ಮನೆಯಲ್ಲಿ’ ಒಂದೇ. ವಿಭಕ್ತಿಗಳು ಪದಕ್ಕೆ ಅಂಟಿಕೊಳ್ಳುವುದರಿಂದ ಕನ್ನಡದಲ್ಲಿ ಪದಗಳ ಸಂಖ್ಯೆ ಇಳಿಯುತ್ತದೆ. ಅನುವಾದದ ಪದ ಎಣಿಸಿ ದರ ಹೇಳಿದರೆ ನಷ್ಟ ನಿಮಗೇ. ಜೊತೆಗೆ, ಕೆಲಸ ಮುಗಿಯುವ ತನಕ ಮೊತ್ತ ಎಷ್ಟೆಂದು ಗ್ರಾಹಕರಿಗೂ ತಿಳಿಯುವುದಿಲ್ಲ.

6,000 ಪದಗಳ ಇಂಗ್ಲಿಷ್ ಕೈಪಿಡಿ ಬಂದಿದೆ ಎನ್ನಿ. ದಿನಕ್ಕೆ 2,000 ಪದದಂತೆ ಮೊದಲ ಕರಡಿಗೆ ಮೂರು ದಿನ. ನಾಲ್ಕನೆಯ ದಿನ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಬೇಕು. ಬಿಟ್ಟುಹೋದ ವಾಕ್ಯ, ತಪ್ಪಿದ ಅಂಕಿ ಸಿಗುವುದು ಆಗಲೇ. ಐದನೆಯ ದಿನ ಮೂಲವನ್ನು ಮುಚ್ಚಿಟ್ಟು ಕನ್ನಡವನ್ನು ಮಾತ್ರ ಓದಿ; ಇಂಗ್ಲಿಷ್ ಜಾಡಿನ ವಾಕ್ಯ ಆಗ ಕಿವಿಗೆ ಕಟುವಾಗಿ ಕೇಳುತ್ತದೆ. ‘ಮೂರು ದಿನ’ ಎಂದು ಒಪ್ಪಿಕೊಂಡವರು ಸಾಮಾನ್ಯವಾಗಿ ಕೈಬಿಡುವುದು ಈ ಕೊನೆಯ ಎರಡು ದಿನಗಳ ಕೆಲಸವನ್ನೇ. ಐದು ಕೆಲಸದ ದಿನ ಎಂದೇ ಬರೆಯಿರಿ.

ಕನ್ನಡ ಮೂಲವಾದರೆ ಕಡತ ನೋಡದೆ ತಾರೀಖು ಕೊಡಬೇಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ದಾಖಲೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಬಹುದು, ಆದರೆ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದುಂಟು. ಮತ್ತೊಮ್ಮೆ ಓದಿ ತಿದ್ದಬೇಕು. ಕೈಬರಹದ ಕ್ರಯಪತ್ರದಲ್ಲಿ ಚಕ್ಕುಬಂದಿಯ ಒಂದು ಹೆಸರು ಬಿಡಿಸಿ ಓದುವುದಕ್ಕೇ ಬಹಳ ಹೊತ್ತು ಹಿಡಿಯಬಹುದು. ಇಂಥದ್ದಕ್ಕೆ ಪದದ ಲೆಕ್ಕಕ್ಕಿಂತ ಪುಟದ ಲೆಕ್ಕ ವಾಸಿ.

ಇಷ್ಟನ್ನು ಸೇರಿಸಿದರೆ ಬರಹ ಹೀಗಿರುತ್ತದೆ:

‘ಇಂಗ್ಲಿಷ್‌ನಿಂದ ಕನ್ನಡಕ್ಕೆ: ಕೈಪಿಡಿ, ತರಬೇತಿ ಪಠ್ಯ. ದಿನಕ್ಕೆ 2,000 ಮೂಲ ಪದ. 6,000 ಪದಕ್ಕೆ ಪರಿಶೀಲನೆ ಸೇರಿ ಐದು ಕೆಲಸದ ದಿನ. ಕನ್ನಡದಿಂದ ಇಂಗ್ಲಿಷ್‌ಗೆ: ಆಸ್ತಿ ಪತ್ರ. ಸ್ಕ್ಯಾನ್ ಪ್ರತಿ ನೋಡಿದ ಮೇಲೆ ದಿನ, ದರ ತಿಳಿಸುತ್ತೇನೆ. ದಿನದ ಲೆಕ್ಕ ಪೂರ್ತಿ ಕಡತ ಕೈಸೇರಿದ ಮರುದಿನದಿಂದ. ಮಧ್ಯದಲ್ಲಿ ಮೂಲ ಬದಲಾದರೆ ಗಡುವೂ ಬದಲಾಗುತ್ತದೆ.’