ಬಿಲ್ಲಿನ ಕೊನೆಯ ಪೈಸೆ: ರೌಂಡ್ ಆಫ್ ಅನ್ನು ನಾನು ಲೆಕ್ಕಕ್ಕೆ ಹಾಕುವ ರೀತಿ

ನಮ್ಮದು ಹಾರ್ಡ್‌ವೇರ್ ಅಂಗಡಿ. ಪೈಪು, ವೈರು, ಬಣ್ಣ, ಮೊಳೆ, ನಲ್ಲಿ ಎಲ್ಲ ಇದೆ. ಹೆಚ್ಚಿನ ಮಾಲಿಗೆ ಶೇ 18 ಜಿಎಸ್‌ಟಿ. ಹಾಗಾಗಿ ಬಿಲ್ಲಿನ ಮೊತ್ತ ಪೂರ್ತಿ ರೂಪಾಯಿಗೆ ಬಂದು ನಿಲ್ಲುವುದು ಅಪರೂಪ. ಪೈಸೆ ಉಳಿದೇ ಉಳಿಯುತ್ತದೆ, ಆದರೆ ಕೊಡಲು ಗಲ್ಲದಲ್ಲಿ ಪೈಸೆ ಇರುವುದಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತಿತು. 50 ಪೈಸೆ ಕಾನೂನು ಪ್ರಕಾರ ಇನ್ನೂ ನಡೆಯುತ್ತದೆ, ಆದರೆ ಕೌಂಟರಿಗೆ ಯಾರೂ ತರುವುದಿಲ್ಲ.

ಹಾಗಾಗಿ ಬಿಲ್ಲನ್ನು ರೂಪಾಯಿಗೆ ಸರಿ ಮಾಡಲೇಬೇಕು. ಅದು ಸುಲಭ. ಆ ವ್ಯತ್ಯಾಸವನ್ನು ಪುಸ್ತಕದಲ್ಲಿ ಎಲ್ಲಿ ಬರೆಯಬೇಕು ಅನ್ನುವುದೇ ಮುಖ್ಯ, ಹೆಚ್ಚಿನವರು ಎಡವುವುದೂ ಅಲ್ಲೇ.

ಒಂದು ಬಿಲ್ ತೆಗೆದುಕೊಳ್ಳೋಣ. ಮಾಲಿನ ಬೆಲೆ 1,372.50. ಇದಕ್ಕೆ ಶೇ 9 ಸಿಜಿಎಸ್‌ಟಿ ಅಂದರೆ 123.525, ಎರಡು ಅಂಕಿಗೆ ಸರಿ ಮಾಡಿದರೆ 123.53. ಎಸ್‌ಜಿಎಸ್‌ಟಿಯೂ ಅಷ್ಟೇ. ಒಟ್ಟು 1,619.56. ಗ್ರಾಹಕರು ಕೊಡುವುದು 1,620. ಈ 44 ಪೈಸೆಯನ್ನು ಮಾಲಿನ ಬೆಲೆಗೂ ಸೇರಿಸುವುದಿಲ್ಲ, ತೆರಿಗೆಗೂ ಸೇರಿಸುವುದಿಲ್ಲ. ಬಿಲ್ಲಿನಲ್ಲಿ ತೆರಿಗೆಯ ಸಾಲುಗಳ ಕೆಳಗೆ, ಒಟ್ಟು ಮೊತ್ತದ ಮೇಲೆ, ‘ರೌಂಡ್ ಆಫ್ +0.44’ ಅಂತ ಬೇರೆಯೇ ಸಾಲು ಬರುತ್ತದೆ. ಪುಸ್ತಕದಲ್ಲಿ ನಗದಿಗೆ 1,620 ಡೆಬಿಟ್. ಕ್ರೆಡಿಟ್ ಕಡೆ ಮಾರಾಟಕ್ಕೆ 1,372.50, ಎರಡೂ ತೆರಿಗೆಗೆ 123.53ರಂತೆ, ರೌಂಡ್ ಆಫ್‌ಗೆ 0.44. ಎರಡೂ ಕಡೆ ಸರಿಹೋಯಿತು.

ಇನ್ನೊಂದು ಬಿಲ್ಲು 998.28 ಬಂತು ಅಂದುಕೊಳ್ಳಿ. ತೆಗೆದುಕೊಳ್ಳುವುದು 998. ಇಲ್ಲಿ 28 ಪೈಸೆ ನಾವು ಬಿಟ್ಟಿದ್ದೇವೆ, ಹಾಗಾಗಿ ರೌಂಡ್ ಆಫ್ ಡೆಬಿಟ್ ಆಗುತ್ತದೆ. ತೆರಿಗೆ ಮಾತ್ರ 998.28ರ ಲೆಕ್ಕದಲ್ಲಿ ಬಂದಷ್ಟೇ ಇರುತ್ತದೆ. ಈ 28 ಪೈಸೆಯನ್ನು ಮಾರಾಟದಲ್ಲಿ ಕಳೆದುಬಿಟ್ಟರೆ ಏನಾಗುತ್ತದೆ ನೋಡಿ. ಮಾಲಿನ ಬೆಲೆಯ ಶೇ 18 ಒಂದು ಅಂಕಿ ಹೇಳುತ್ತದೆ, ಬಿಲ್ಲಿನ ತೆರಿಗೆ ಇನ್ನೊಂದು ಹೇಳುತ್ತದೆ. ತಿಂಗಳ ಕೊನೆಗೆ ಜಿಎಸ್‌ಟಿಆರ್-1 ತಾಳೆ ನೋಡುವಾಗ ಆ ಚಿಲ್ಲರೆ ವ್ಯತ್ಯಾಸ ಹುಡುಕುತ್ತಾ ಕೂರಬೇಕು.

50 ಪೈಸೆ ಮತ್ತು ಮೇಲಿದ್ದರೆ ಮೇಲಕ್ಕೆ, ಕಡಿಮೆ ಇದ್ದರೆ ಕೆಳಕ್ಕೆ. ಇದೇ ನಮ್ಮ ನಿಯಮ. ಸಿಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಕಟ್ಟಬೇಕಾದ ತೆರಿಗೆಗೆ ಹೇಳುವುದೂ ಇದೇ ಲೆಕ್ಕವನ್ನು. ಆದರೆ ಅದನ್ನು ಹಿಡಿದುಕೊಂಡು ಪ್ರತಿ ಬಿಲ್ಲಿನ ತೆರಿಗೆಯನ್ನೂ ರೂಪಾಯಿಗೆ ಸರಿ ಮಾಡಲು ನಾನು ಹೋಗುವುದಿಲ್ಲ. ಬಿಲ್ಲಿನಲ್ಲಿ ತೆರಿಗೆ ಪೈಸೆಯಲ್ಲೇ ಇರಲಿ, ರೂಪಾಯಿಗೆ ಬರಬೇಕಾದದ್ದು ಕೊನೆಯ ಮೊತ್ತ ಒಂದೇ. ಒಂದೊಂದು ಸಾಲಿನಲ್ಲೂ ರೌಂಡ್ ಮಾಡಿದರೆ ಹತ್ತು ಸಾಲಿನ ಬಿಲ್ಲಿನಲ್ಲಿ ವ್ಯತ್ಯಾಸ ಮೂರು ನಾಲ್ಕು ರೂಪಾಯಿಗೂ ಹೋಗಬಹುದು, ಒಮ್ಮೆ ಮಾಡಿದರೆ 50 ಪೈಸೆ ದಾಟುವ ಮಾತೇ ಇಲ್ಲ.

ಎಕ್ಸೆಲ್‌ನಲ್ಲಿ ಬಿಲ್ ಮಾಡುವವರು ಒಂದು ಕಡೆ ಜಾಸ್ತಿ ಎಚ್ಚರ ಇಡಬೇಕು. ಮಾಲು 423.30 ಇದೆ ಅನ್ನಿ. ಶೇ 9 ಅಂದರೆ 38.097. ಸೆಲ್ ಎರಡೇ ಅಂಕಿ ತೋರಿಸುವ ಹಾಗೆ ಇಟ್ಟಿದ್ದರೆ ಪರದೆ ಮೇಲೆ 38.10 ಕಾಣುತ್ತದೆ, ಒಳಗೆ ಮಾತ್ರ 38.097 ಹಾಗೇ ಕೂತಿರುತ್ತದೆ. ಒಟ್ಟು 499.494, ರೌಂಡ್ ಮಾಡಿದರೆ 499. ಆದರೆ ಬಿಲ್ಲಿನಲ್ಲಿ ಅಚ್ಚಾದ ಅಂಕಿಗಳನ್ನು ಗ್ರಾಹಕರು ಮೊಬೈಲಿನಲ್ಲಿ ಕೂಡಿದರೆ 499.50 ಬರುತ್ತದೆ, ಅಂದರೆ 500 ಆಗಬೇಕು. ಅದಕ್ಕೇ ಮೊದಲು ತೆರಿಗೆಯನ್ನೇ ಎರಡು ಅಂಕಿಗೆ ನಿಜವಾಗಿ ಇಳಿಸಬೇಕು, ಆಮೇಲೆ ಒಟ್ಟು ಮಾಡಬೇಕು. E17ರಲ್ಲಿ ಮಾಲಿನ ಬೆಲೆ ಇದ್ದರೆ ಹೀಗೆ:

```
E18  =ROUND(E17*9%,2)
E19  =ROUND(E17*9%,2)
E20  =E17+E18+E19
E21  =ROUND(ROUND(E20,0)-E20,2)
E22  =E20+E21
```

E21ರಲ್ಲಿ ಎರಡು ಸಲ ROUND ಯಾಕೆ ಅಂದರೆ, ಕಳೆಯುವಾಗ ಎಕ್ಸೆಲ್ ಕೆಲವೊಮ್ಮೆ 0.44ರ ಹಿಂದೆ ಸೊನ್ನೆಗಳ ಸಾಲು ಹಾಕಿ ಕೊನೆಗೆ ಇನ್ನೊಂದು ಅಂಕಿ ಇಟ್ಟುಬಿಡುತ್ತದೆ. ಒಂದು ಬಿಲ್ಲಿನಲ್ಲಿ ಅದು ಕಾಣುವುದಿಲ್ಲ. ಎರಡು ಮೊತ್ತ ಸಮ ಇದೆಯಾ ಅಂತ ಸೂತ್ರ ಹಾಕಿ ನೋಡುವಾಗ ಕಾಡುತ್ತದೆ.

ಈಗ ನಾವು ಟ್ಯಾಲಿ ಬಳಸುತ್ತೇವೆ. ಅಲ್ಲಿ ರೌಂಡ್ ಆಫ್ ಅಂತ ಒಂದು ಲೆಡ್ಜರ್ ಮಾಡಿ, Indirect Expenses ಗುಂಪಿನಲ್ಲಿ ಇಟ್ಟು, ಇಷ್ಟು ತುಂಬಿದರೆ ಆಯಿತು:

```
Type of ledger  : Invoice Rounding
Rounding method : Normal Rounding
Rounding limit  : 1
```

ಜಿಎಸ್‌ಟಿ ಇದಕ್ಕೆ Not Applicable. ಬಿಲ್ ಮಾಡುವಾಗ ತೆರಿಗೆ ಲೆಡ್ಜರುಗಳಾದ ಮೇಲೆ ಕೊನೆಗೆ ಇದನ್ನು ಆರಿಸಿದರೆ ಪ್ಲಸ್ಸೋ ಮೈನಸ್ಸೋ ತಾನೇ ಬರುತ್ತದೆ. ತೆರಿಗೆಗಿಂತ ಮೊದಲು ಆರಿಸಿದರೆ ಕೊನೆಯಲ್ಲಿ ಮತ್ತೆ ಪೈಸೆ ಬರುತ್ತದೆ, ಬಿಲ್ ನೋಡಿದ ತಕ್ಷಣ ಗೊತ್ತಾಗುತ್ತದೆ.

ಇಷ್ಟು ಮಾಡಿದರೂ ಈ ಲೆಡ್ಜರ್ ಕೆಡುವುದು ಒಂದೇ ಕಾರಣಕ್ಕೆ. ಕೌಂಟರಿನಲ್ಲಿ ಕೂತವರು ಬೇರೆ ಬೇರೆ ವ್ಯತ್ಯಾಸಗಳನ್ನೆಲ್ಲ ತಂದು ಇದರಲ್ಲೇ ಸುರಿಯುತ್ತಾರೆ. ಬಿಲ್ 1,023 ಆಗಿದೆ, ಗ್ರಾಹಕರು ‘ಸಾವಿರ ಮಾಡಿಕೊಳ್ಳಿ ಅಣ್ಣಾ’ ಅನ್ನುತ್ತಾರೆ, ನಾವು ಒಪ್ಪುತ್ತೇವೆ. ಆ 23 ರೂಪಾಯಿ ರೌಂಡ್ ಆಫ್ ಅಲ್ಲ, ಅದು ರಿಯಾಯಿತಿ. ಬಿಲ್ಲಿನಲ್ಲೇ ರಿಯಾಯಿತಿ ಅಂತ ತೋರಿಸಿದರೆ ಮಾಲಿನ ಬೆಲೆ ಇಳಿಯುತ್ತದೆ, ಅದರ ಮೇಲಿನ ತೆರಿಗೆಯೂ ಇಳಿಯುತ್ತದೆ. ರೌಂಡ್ ಆಫ್‌ಗೆ ಹಾಕಿದರೆ ಕೈಗೆ ಬಂದಿದ್ದು ಸಾವಿರ, ತೆರಿಗೆ ಕಟ್ಟುವುದು 1,023ರ ಲೆಕ್ಕದಲ್ಲಿ. ಸುಮ್ನೆ ಕೈಯಿಂದ ಹೋಗುವ ದುಡ್ಡು ಅಲ್ವಾ? ಅದಕ್ಕೇ ಬಿಲ್ ಪ್ರಿಂಟ್ ಆಗುವ ಮುಂಚೆ ಚೌಕಾಸಿ ಮುಗಿಸಿಕೊಳ್ಳಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೇನೆ.

ಚಿಲ್ಲರೆ ಇಲ್ಲದೆ ಎರಡು ರೂಪಾಯಿ ಬಿಟ್ಟಿದ್ದು, ಸಂಜೆ ಗಲ್ಲ ಎಣಿಸಿದಾಗ ಐದು ರೂಪಾಯಿ ಕಡಿಮೆ ಬಂದಿದ್ದು, ಇವೂ ಬೇರೆ. ಅವಕ್ಕೆ ‘ನಗದು ಹೆಚ್ಚು-ಕಡಿಮೆ’ ಅಂತ ಇನ್ನೊಂದು ಲೆಡ್ಜರ್ ಇಟ್ಟಿದ್ದೇನೆ. ಬಿಲ್ ಆದ ಮೇಲೆ ಆದ ವ್ಯತ್ಯಾಸ ಬಿಲ್ಲಿನ ಒಳಗೆ ಬರಬಾರದು.

ಬೆರಕೆ ಆಗಿದೆಯಾ ಅಂತ ತಿಳಿಯಲು ತಿಂಗಳಿಗೊಮ್ಮೆ ರೌಂಡ್ ಆಫ್ ಲೆಡ್ಜರ್ ತೆರೆದು ಮೊತ್ತದ ಕಾಲಂ ಮೇಲೆ ಕಣ್ಣಾಡಿಸುತ್ತೇನೆ. ಮಾರಾಟದ ಬಿಲ್ಲುಗಳಲ್ಲಿ 0.50 ಮೀರಿದ ಯಾವ ನಮೂದೂ ಇರಬಾರದು. ಇದ್ದರೆ ಆ ಬಿಲ್ ತೆಗೆದು ನೋಡಲೇಬೇಕು. ಎರಡನೆಯದು ಒಟ್ಟು ಬಾಕಿ. ಪ್ಲಸ್ ಮೈನಸ್ ಎರಡೂ ಬರುವುದರಿಂದ ಬಹುಪಾಲು ಒಂದಕ್ಕೊಂದು ವಜಾ ಆಗಿ, ಬಾಕಿ ಕೆಲವೇ ರೂಪಾಯಿ ಉಳಿಯುತ್ತದೆ. ಸರಿಯಾಗಿ 50 ಪೈಸೆ ಬಂದಾಗ ಯಾವಾಗಲೂ ಮೇಲಕ್ಕೇ ಹೋಗುವುದರಿಂದ ಸ್ವಲ್ಪ ಕ್ರೆಡಿಟ್ ಕಡೆ ವಾಲುವುದು ಸಹಜ. ನೂರಾರು ರೂಪಾಯಿ ಒಂದೇ ಕಡೆ ಸೇರಿದ್ದರೆ ರಿಯಾಯಿತಿ ನುಗ್ಗಿದೆ ಅಂತಲೋ, ಯಾರೋ Normal ಬದಲು Upward ಇಟ್ಟಿದ್ದಾರೆ ಅಂತಲೋ ಅರ್ಥ.

ಮಾಲು ವಾಪಸ್ ಬಂದಾಗ ಇಡೀ ಬಿಲ್ ವಾಪಸ್ಸಾದರೆ ಆ 44 ಪೈಸೆಯನ್ನೂ ತಿರುಗಿಸಿ 1,620 ಪೂರ್ತಿ ಕೊಡುತ್ತೇನೆ. ಅರ್ಧ ಮಾಲು ಬಂದರೆ ಹಳೆಯ ರೌಂಡ್ ಆಫ್ ಅನ್ನು ಪಾಲು ಹಾಕುವುದಿಲ್ಲ. 212.50ರ ಮಾಲು ಬಂತು ಅಂದರೆ ತೆರಿಗೆ 19.13ರಂತೆ ಎರಡು, ಒಟ್ಟು 250.76. ಕ್ರೆಡಿಟ್ ನೋಟ್ 251ಕ್ಕೆ, 24 ಪೈಸೆ ರೌಂಡ್ ಆಫ್‌ಗೆ ಡೆಬಿಟ್.

ಖರೀದಿ ಬಿಲ್ಲಿಗೂ ಇದೇ ಲೆಡ್ಜರ್ ಸಾಕು. ಅಲ್ಲಿ ಮಾತ್ರ ನಮ್ಮ ನಿಯಮ ನಡೆಯುವುದಿಲ್ಲ. ಸಪ್ಲೈಯರ್ ಬಿಲ್ಲಿನಲ್ಲಿ ಎಷ್ಟು ರೌಂಡ್ ಆಫ್ ಅಚ್ಚಾಗಿದೆಯೋ ಅಷ್ಟನ್ನೇ ಕೈಯಿಂದ ತಿದ್ದಿ ಹಾಕುತ್ತೇನೆ, ಅವರು ಎಲ್ಲವನ್ನೂ ಕೆಳಕ್ಕೇ ಇಳಿಸುವವರಾದರೂ ಸರಿ. ಇಲ್ಲದಿದ್ದರೆ ಪಾರ್ಟಿ ಖಾತೆಯಲ್ಲಿ ಪ್ರತಿ ಬಿಲ್ಲಿಗೂ ಒಂದೊಂದು ರೂಪಾಯಿ ಉಳಿದುಕೊಂಡು, ಅವರ ಸ್ಟೇಟ್‌ಮೆಂಟಿಗೂ ನಮ್ಮದಕ್ಕೂ ಹೊಂದುವುದೇ ಇಲ್ಲ. ತೆರಿಗೆಯನ್ನು ಪೈಸೆ ಸಮೇತ ಇದ್ದ ಹಾಗೇ ಹಾಕಿದರೆ ಜಿಎಸ್‌ಟಿಆರ್-2ಬಿ ಜೊತೆಗೂ ತಾಳೆಯಾಗುತ್ತದೆ.